ಮನೆಯ ಕೀಲಿಕೈ ತಡವಾದಾಗ: ಫ್ಲಾಟು ಖರೀದಿಸಿದವರಿಗೆ ಕಾನೂನು ಕೊಟ್ಟಿರುವ ಎರಡು ದಾರಿಗಳು

ಮುಂಬಯಿಯಂಥ ಮಹಾನಗರದಲ್ಲಿ ಸ್ವಂತ ಸೂರು ಎಂಬುದು ನಮ್ಮ ತುಳು-ಕನ್ನಡಿಗರಲ್ಲಿ ಬಹುತೇಕರಿಗೆ ಅರ್ಧ ಆಯುಷ್ಯದ ಗಳಿಕೆ. ಹೋಟೆಲು, ಕಾರ್ಖಾನೆ, ಕಚೇರಿಗಳಲ್ಲಿ ದುಡಿದು ಉಳಿಸಿದ ಹಣಕ್ಕೆ ಬ್ಯಾಂಕಿನ ಸಾಲವನ್ನೂ ಸೇರಿಸಿ ಡೊಂಬಿವಲಿ, ಮೀರಾರೋಡ್, ವಸಾಯಿ, ನವಿಮುಂಬಯಿಗಳಲ್ಲಿ ಕಟ್ಟಡ ಏಳುವ ಮೊದಲೇ ಫ್ಲಾಟು ಕಾದಿರಿಸುವವರು ನಮ್ಮಲ್ಲಿ ಅಸಂಖ್ಯ. ಒಪ್ಪಿದ ದಿನಾಂಕ ಕಳೆದು ಒಂದು ವರ್ಷವಾಗುತ್ತದೆ, ಎರಡು ವರ್ಷವಾಗುತ್ತದೆ. ಕಟ್ಟಡ ಮಾತ್ರ ಒಂಬತ್ತನೆಯ ಮಾಳಿಗೆಯಲ್ಲೇ ನಿಂತಿರುತ್ತದೆ. ಇತ್ತ ಬಾಡಿಗೆಯನ್ನೂ ಕಟ್ಟಬೇಕು, ಅತ್ತ ಸಾಲದ ಕಂತನ್ನೂ ತುಂಬಬೇಕು. ಬಿಲ್ಡರನ ಕಚೇರಿಗೆ ಹೋದರೆ ‘ಮುಂದಿನ ದೀಪಾವಳಿಗೆ ಖಂಡಿತ’ ಎಂಬ ಉತ್ತರ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ನಮ್ಮ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿದಂತಿದೆ.

ಆದರೆ ಈ ವಿಷಯದಲ್ಲಿ ಕಾನೂನು ಗಾದೆಯ ಪಕ್ಷದಲ್ಲಿಲ್ಲ. 2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯಿದೆ, ಅಂದರೆ ಜನರ ಬಾಯಲ್ಲಿ ‘ರೇರಾ’ ಎಂದು ಪ್ರಸಿದ್ಧವಾದ ಕಾಯಿದೆಯು 2017ರ ಮೇ 1ರಿಂದ ಪೂರ್ಣವಾಗಿ ಜಾರಿಯಲ್ಲಿದೆ. ಅದರ 18ನೆಯ ಕಲಮು ವಿಳಂಬಕ್ಕೊಳಗಾದ ಗ್ರಾಹಕನ ಮುಂದೆ ಎರಡು ದಾರಿಗಳನ್ನಿಟ್ಟಿದೆ. ಯೋಜನೆಯಿಂದ ಹಿಂದೆ ಸರಿದು ಕೊಟ್ಟ ಹಣವನ್ನು ಬಡ್ಡಿಸಮೇತ ಮರಳಿ ಕೇಳುವುದು ಒಂದು. ಫ್ಲಾಟನ್ನು ಉಳಿಸಿಕೊಂಡು, ಅದು ಕೈಸೇರುವವರೆಗೆ ವಿಳಂಬದ ಪ್ರತಿ ತಿಂಗಳಿಗೂ ಬಡ್ಡಿ ಪಡೆಯುವುದು ಇನ್ನೊಂದು. ಯಾವ ದಾರಿ ಹಿಡಿಯಬೇಕೆಂಬ ನಿರ್ಧಾರ ಗ್ರಾಹಕನದೇ ಹೊರತು ಬಿಲ್ಡರನದಲ್ಲ. ಈ ಆಯ್ಕೆಯನ್ನು ಹೇಗೆ ಮಾಡಬೇಕು, ಅದರ ಲೆಕ್ಕವೇನು, ಆದೇಶ ಬಂದ ಮೇಲೆ ಹಣ ಕೈಗೆ ಬರುವ ಬಗೆ ಹೇಗೆ ಎಂಬಿಷ್ಟನ್ನು ಮಹಾರಾಷ್ಟ್ರದ ನಿಯಮಗಳನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಎಲ್ಲಕ್ಕೂ ಮೂಲ ಕರಾರಿನ ದಿನಾಂಕ

ವಿಳಂಬವಾಗಿದೆಯೇ ಇಲ್ಲವೇ ಎಂಬುದನ್ನು ನಿರ್ಧರಿಸುವುದು ನೋಂದಾಯಿತ ಮಾರಾಟ ಕರಾರುಪತ್ರದಲ್ಲಿ, ಎಂದರೆ ‘ಅಗ್ರಿಮೆಂಟ್ ಫಾರ್ ಸೇಲ್’ನಲ್ಲಿ, ಬರೆದಿರುವ ಸ್ವಾಧೀನದ ದಿನಾಂಕ. ಆದಕಾರಣ ಮೊದಲು ಮಾಡಬೇಕಾದ ಕೆಲಸವೆಂದರೆ ಆ ಕರಾರುಪತ್ರವನ್ನು ಕಪಾಟಿನಿಂದ ಹೊರತೆಗೆದು ಸ್ವಾಧೀನದ ಕಲಮನ್ನು ನಿಧಾನವಾಗಿ ಓದುವುದು. ಅನೇಕ ಕರಾರುಗಳಲ್ಲಿ ದಿನಾಂಕದ ಬಳಿಕ ಆರು ತಿಂಗಳ ‘ಗ್ರೇಸ್’ ಅವಧಿಯೂ ಇರುತ್ತದೆ. ಇದ್ದಲ್ಲಿ ಅದನ್ನು ಸೇರಿಸಿಯೇ ಲೆಕ್ಕ ಹಿಡಿಯುವುದು ಕ್ಷೇಮ.

ಇಲ್ಲಿ ಒಂದು ಸಾಮಾನ್ಯ ಗೊಂದಲವಿದೆ. ಮಹಾರೇರಾದ ಜಾಲತಾಣದಲ್ಲಿ ಪ್ರತಿ ಯೋಜನೆಯ ಮುಂದೆಯೂ ಪೂರ್ಣಗೊಳ್ಳುವ ಉದ್ದೇಶಿತ ದಿನಾಂಕವೊಂದು ಕಾಣಿಸುತ್ತದೆ. ಬಿಲ್ಡರನು ಪ್ರಾಧಿಕಾರದಿಂದ ಕಾಲಾವಕಾಶ ವಿಸ್ತರಿಸಿಕೊಂಡಾಗಲೆಲ್ಲ ಈ ದಿನಾಂಕ ಮುಂದೆ ಹೋಗುತ್ತದೆ. ‘ಪ್ರಾಧಿಕಾರವೇ ನಮಗೆ 2027ರವರೆಗೆ ಸಮಯ ಕೊಟ್ಟಿದೆ, ನೀವು ಈಗ ಕೇಳುವಂತಿಲ್ಲ’ ಎಂದು ಬಿಲ್ಡರನ ಸಿಬ್ಬಂದಿ ಹೇಳುವುದು ಇದನ್ನೇ ಆಧರಿಸಿ. ಈ ಮಾತು ಸರಿಯಲ್ಲ. ಮುಂಬಯಿ ಉಚ್ಚ ನ್ಯಾಯಾಲಯವು 2017ರ ಡಿಸೆಂಬರಿನಲ್ಲಿ ನೀಲ್‌ಕಮಲ್ ರಿಯಾಲ್ಟರ್ಸ್ ಪ್ರಕರಣದಲ್ಲಿ ಕಾಯಿದೆಯನ್ನು ಎತ್ತಿಹಿಡಿಯುತ್ತ, ವಿಳಂಬವನ್ನು ಕರಾರಿನಲ್ಲಿ ನಮೂದಿಸಿದ ದಿನಾಂಕದಿಂದಲೇ ಎಣಿಸಬೇಕು, ನೋಂದಣಿಯ ಹೊಸ ದಿನಾಂಕದಿಂದ ಕರಾರು ಬದಲಾಗುವುದಿಲ್ಲ ಎಂದು ಸ್ಪಷ್ಟಪಡಿಸಿತು. 2020ರ ನವೆಂಬರಿನಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದೇ ನಿಲುವನ್ನು ತಾಳಿತು.

ಕರಾರಿನ ದಿನಾಂಕವನ್ನು ಬದಲಿಸಬಲ್ಲವರು ಸ್ವತಃ ಗ್ರಾಹಕರೇ. ಪುನಃ ಬರೆದ ದಿನಾಂಕವುಳ್ಳ ಪೂರಕ ಕರಾರಿಗೋ, ‘ವಿಳಂಬದ ಬಗ್ಗೆ ನಮ್ಮ ತಕರಾರಿಲ್ಲ’ ಎಂಬ ಒಕ್ಕಣೆಯ ಸಮ್ಮತಿಪತ್ರಕ್ಕೋ ಸಹಿ ಹಾಕಿಸಿಕೊಳ್ಳುವ ಪರಿಪಾಠ ಇದೆ. ನಕ್ಷೆಯ ಬದಲಾವಣೆಗೆ, ಪಾರ್ಕಿಂಗ್ ಹಂಚಿಕೆಗೆ ಎಂದು ಬರುವ ಕಾಗದದ ನಡುವೆಯೂ ಇಂಥ ಒಂದು ಸಾಲು ಅಡಗಿರಬಹುದು. ಓದದೆ ಸಹಿ ಹಾಕಿದರೆ ಎರಡು ವರ್ಷದ ಬಡ್ಡಿ ಒಂದೇ ಗೆರೆಯಲ್ಲಿ ಕೈತಪ್ಪುವ ಅಪಾಯವಿದೆ.

ಇನ್ನು ಬಿಲ್ಡರನು ಮುಂದಿಡುವ ಕಾರಣಗಳ ಮಾತು. ಮರಳಿನ ಅಭಾವ, ಕೂಲಿಗಳ ಕೊರತೆ, ಪಾಲುದಾರರ ಜಗಳ, ಪಾಲಿಕೆಯ ಅನುಮತಿ ತಡವಾದದ್ದು, ನ್ಯಾಯಾಲಯದ ತಡೆಯಾಜ್ಞೆ ಇತ್ಯಾದಿ. ಯೋಜನೆಯ ನೋಂದಣಿ ವಿಸ್ತರಣೆಗೆ ದೈವಾಧೀನ ಕಾರಣಗಳೆಂದು ಕಾಯಿದೆಯ 6ನೆಯ ಕಲಮು ಹೆಸರಿಸುವುದು ಯುದ್ಧ, ನೆರೆ, ಬರ, ಬೆಂಕಿ, ಚಂಡಮಾರುತ, ಭೂಕಂಪ ಮೊದಲಾದ ಪ್ರಕೃತಿ ವಿಕೋಪಗಳನ್ನು. 2020ರ ಕೊರೋನಾ ಕಾಲದಲ್ಲಿ ಮಹಾರೇರಾ ಇದೇ ನೆಲೆಯಲ್ಲಿ ಆರು ತಿಂಗಳ ವಿಸ್ತರಣೆ ನೀಡಿತ್ತು. ಆ ಅವಧಿಯನ್ನೊಳಗೊಂಡ ಕರಾರುಗಳಲ್ಲಿ ಅಷ್ಟು ತಿಂಗಳನ್ನು ಬಿಲ್ಡರನು ಕಳೆಯಲು ಕೇಳುವುದುಂಟು. ಉಳಿದಂತೆ, ಗ್ರಾಹಕನು ಹಿಂದೆ ಸರಿದು ಹಣ ಕೇಳುವ ಹಕ್ಕು ನಿರುಪಾಧಿಕವಾದುದು, ಅನಿರೀಕ್ಷಿತ ಘಟನೆಗಳಾಗಲಿ ನ್ಯಾಯಾಲಯದ ತಡೆಯಾಜ್ಞೆಗಳಾಗಲಿ ಅದಕ್ಕೆ ಅಡ್ಡಿಯಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2021ರ ನವೆಂಬರ್ 11ರಂದು ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ.

ಬಡ್ಡಿಯ ದರ ಮತ್ತು ಒಂದು ಲೆಕ್ಕ

ಬಡ್ಡಿಯ ದರವನ್ನು ಆಯಾ ರಾಜ್ಯದ ನಿಯಮಗಳು ನಿಗದಿಪಡಿಸುತ್ತವೆ. ಮಹಾರಾಷ್ಟ್ರದಲ್ಲಿ ಅದು ಭಾರತೀಯ ಸ್ಟೇಟ್ ಬ್ಯಾಂಕಿನ ‘ಎಂ.ಸಿ.ಎಲ್.ಆರ್.’ ಎಂಬ ಸಾಲದರಗಳಲ್ಲಿ ಅತ್ಯಧಿಕವಾದುದರ ಮೇಲೆ ಶೇಕಡಾ 2. ಕರ್ನಾಟಕದ ನಿಯಮವೂ ಇದೇ. ಈ ದರ ಕಾಲಕಾಲಕ್ಕೆ ಬದಲಾಗುವುದರಿಂದ ಮನವಿ ಸಲ್ಲಿಸುವ ದಿನ ಸ್ಟೇಟ್ ಬ್ಯಾಂಕಿನ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಬಡ್ಡಿಯನ್ನು ಸಾಮಾನ್ಯವಾಗಿ ಸರಳಬಡ್ಡಿಯಾಗಿ ಎಣಿಸಲಾಗುತ್ತದೆ. ‘ವಿಳಂಬವಾದರೆ ಚದರಡಿಗೆ ತಿಂಗಳಿಗೆ ಐದು ರೂಪಾಯಿ’ ಎಂಬಂಥ ಕರಾರಿನ ಸಾಲು ಈ ಶಾಸನಬದ್ಧ ದರಕ್ಕೆ ಬದಲಿಯಾಗಲಾರದು. ಗ್ರಾಹಕನು ಕಂತು ತಡಮಾಡಿದಾಗ ತೆರುವ ಬಡ್ಡಿ ಮತ್ತು ಬಿಲ್ಡರನು ತೆರುವ ಬಡ್ಡಿ ಒಂದೇ ದರದಲ್ಲಿರಬೇಕೆಂದು ಕಾಯಿದೆಯೇ ವಿಧಿಸಿದೆ.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ನೋಡೋಣ. ಡೊಂಬಿವಲಿಯಲ್ಲಿ ಬಾಡಿಗೆಗಿರುವ ಗೃಹಸ್ಥರೊಬ್ಬರು 60 ಲಕ್ಷ ರೂಪಾಯಿಯ ಫ್ಲಾಟಿಗೆ 2022ರ ಜನವರಿಯಲ್ಲಿ ಕರಾರು ನೋಂದಾಯಿಸಿದ್ದಾರೆ. ಸ್ವಾಧೀನದ ದಿನಾಂಕ 2023ರ ಡಿಸೆಂಬರ್ 31. ಗ್ರೇಸ್ ಅವಧಿ ಇಲ್ಲ. ಅವರು 2022ರ ಜನವರಿ 1ರಂದು 6 ಲಕ್ಷ, 2022ರ ಜುಲೈ 1ರಂದು 24 ಲಕ್ಷ, 2023ರ ಜುಲೈ 1ರಂದು 18 ಲಕ್ಷ, ಹೀಗೆ ಗಡುವಿನೊಳಗೆ 48 ಲಕ್ಷ ಕೊಟ್ಟಿದ್ದಾರೆ. ಗಡುವು ಕಳೆದ ಮೇಲೂ ಬೇಡಿಕೆ ಬಂದಂತೆ 2025ರ ಜನವರಿ 1ರಂದು ಇನ್ನೂ 6 ಲಕ್ಷ ಕೊಟ್ಟರು. 2025ರ ಜೂನ್ 30ಕ್ಕೂ ಮನೆ ಸಿದ್ಧವಾಗಿಲ್ಲ. ಲೆಕ್ಕದ ಅನುಕೂಲಕ್ಕಾಗಿ ದರವನ್ನು ಶೇಕಡಾ 11 ಎಂದಿಟ್ಟುಕೊಳ್ಳೋಣ.

ಅವರು ಫ್ಲಾಟನ್ನು ಉಳಿಸಿಕೊಳ್ಳುವುದಾದರೆ ಬಡ್ಡಿ ಆರಂಭವಾಗುವುದು ಗಡುವಿನ ಮರುದಿನದಿಂದ, ಎಂದರೆ 2024ರ ಜನವರಿ 1ರಿಂದ. 48 ಲಕ್ಷಕ್ಕೆ ತಿಂಗಳಿಗೆ 44,000 ರೂಪಾಯಿ. 18 ತಿಂಗಳಿಗೆ 7,92,000 ರೂಪಾಯಿ. ತಡವಾಗಿ ಕೊಟ್ಟ 6 ಲಕ್ಷಕ್ಕೆ ಅದನ್ನು ಕೊಟ್ಟ ದಿನದಿಂದ ತಿಂಗಳಿಗೆ 5,500ರಂತೆ ಆರು ತಿಂಗಳಿಗೆ 33,000 ರೂಪಾಯಿ. ಒಟ್ಟು 8,25,000. ಮುಂದೆ ಸ್ವಾಧೀನ ಸಿಗುವವರೆಗೆ ಪ್ರತಿ ತಿಂಗಳೂ 49,500 ರೂಪಾಯಿ ಸೇರುತ್ತ ಹೋಗುತ್ತದೆ. ಕೊಡಬೇಕಾಗಿ ಉಳಿದಿರುವ 6 ಲಕ್ಷವನ್ನು ಈ ಬಡ್ಡಿಯಲ್ಲಿ ಮುರಿದುಕೊಳ್ಳುವಂತೆ ಮನವಿಯಲ್ಲೇ ಕೇಳಬಹುದು.

ಹಿಂದೆ ಸರಿಯುವುದಾದರೆ ಲೆಕ್ಕ ಬೇರೆ. ಇಲ್ಲಿ ಬಡ್ಡಿ ಆರಂಭವಾಗುವುದು ಗಡುವಿನಿಂದಲ್ಲ, ಬಿಲ್ಡರನ ಕೈಗೆ ಪ್ರತಿಯೊಂದು ಮೊತ್ತ ಸೇರಿದ ದಿನದಿಂದ. ಮೊದಲ 6 ಲಕ್ಷಕ್ಕೆ ಮೂರೂವರೆ ವರ್ಷದ 2,31,000. 24 ಲಕ್ಷಕ್ಕೆ ಮೂರು ವರ್ಷದ 7,92,000. 18 ಲಕ್ಷಕ್ಕೆ ಎರಡು ವರ್ಷದ 3,96,000. ಕೊನೆಯ 6 ಲಕ್ಷಕ್ಕೆ ಅರ್ಧ ವರ್ಷದ 33,000. ಬಡ್ಡಿ ಒಟ್ಟು 14,52,000. ಅಸಲು 54 ಲಕ್ಷ ಸೇರಿ 68,52,000 ರೂಪಾಯಿ.

ಎರಡನೆಯ ಮೊತ್ತ ದೊಡ್ಡದಾಗಿ ಕಾಣುವುದರಿಂದ ಅದೇ ಲಾಭವೆಂದು ತಿಳಿಯಬಾರದು. ಅದೇ ಪ್ರದೇಶದಲ್ಲಿ ಅದೇ ಅಳತೆಯ ಮನೆಯ ಬೆಲೆ ಈಗ 80 ಲಕ್ಷಕ್ಕೇರಿದ್ದರೆ, 68 ಲಕ್ಷ ಹಿಡಿದು ಹೊರಬಂದವರು ಮನೆಯಿಲ್ಲದೆ ನಿಲ್ಲುತ್ತಾರೆ. ಬೆಲೆ ಏರಿಲ್ಲದಿದ್ದರೆ, ಅಥವಾ ಕಾಮಗಾರಿ ತಿಂಗಳುಗಟ್ಟಲೆ ನಿಂತು ಬಿಲ್ಡರನೇ ಮುಳುಗುವ ಚಿಹ್ನೆಗಳಿದ್ದರೆ, ಹೊರಬರುವುದು ಲೇಸು. ಕಟ್ಟಡ ನಿಜವಾಗಿ ಏಳುತ್ತಿದೆಯೇ ಎಂಬುದನ್ನು ತಿಳಿಯಲು ತಿಂಗಳಿಗೊಮ್ಮೆ ಜಾಗಕ್ಕೆ ಹೋಗಿ ದಿನಾಂಕ ಕಾಣುವಂತೆ ಛಾಯಾಚಿತ್ರ ತೆಗೆದಿಟ್ಟರೆ ನಿರ್ಧಾರಕ್ಕೂ ಅನುಕೂಲ, ಮುಂದೆ ಸಾಕ್ಷ್ಯವೂ ಆಗುತ್ತದೆ.

ನಿರ್ಧಾರಕ್ಕೆ ಕಾಲವೂ ಮುಖ್ಯ. ಕಟ್ಟಡಕ್ಕೆ ವಾಸಯೋಗ್ಯತಾ ಪ್ರಮಾಣಪತ್ರ, ಅಂದರೆ ‘ಓ.ಸಿ.’, ದೊರೆತು ಬಿಲ್ಡರನು ಸ್ವಾಧೀನಕ್ಕೆ ಕರೆದ ಮೇಲೆ ಹಿಂದೆ ಸರಿಯುವ ದಾರಿ ಇಕ್ಕಟ್ಟಾಗುತ್ತದೆ. ಗುರುಗ್ರಾಮದ ಯೋಜನೆಯೊಂದರ ಬಗ್ಗೆ ಗ್ರಾಹಕ ಕಾಯಿದೆಯಡಿ ಬಂದಿದ್ದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಜನವರಿಯಲ್ಲಿ ಓ.ಸಿ. ದೊರೆತ ಫ್ಲಾಟುಗಳ ಗ್ರಾಹಕರು ವಿಳಂಬದ ಪರಿಹಾರದೊಂದಿಗೆ ಸ್ವಾಧೀನ ಪಡೆಯಬೇಕೆಂದೂ, ಓ.ಸಿ. ಇಲ್ಲದವರು ಹಣ ಮರಳಿ ಪಡೆಯಲು ಅರ್ಹರೆಂದೂ ಭೇದ ಮಾಡಿತು. ಹೊರಬರುವ ಮನಸ್ಸಿದ್ದವರು ಓ.ಸಿ. ಬರುವ ಮೊದಲೇ ಲಿಖಿತವಾಗಿ ತಿಳಿಸಿರಬೇಕು.

ಸಾಲ ಪಡೆದವರಿಗೆ ಒಂದು ಎಚ್ಚರಿಕೆ

ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನಂಥವರ ಮುಂದೆ ಹೆಚ್ಚಾಗಿ ಬರುವ ಪ್ರಶ್ನೆ ಇದು: ‘ಮನೆಯೇ ಸಿಗಲಿಲ್ಲ, ಕಂತನ್ನು ಏಕೆ ಕಟ್ಟಬೇಕು?’ ಸಿಟ್ಟು ಸಹಜ, ಆದರೆ ಸಾಲದ ಕರಾರು ಬ್ಯಾಂಕು ಮತ್ತು ಸಾಲಗಾರರ ನಡುವಿನದು; ಬಿಲ್ಡರನ ತಪ್ಪಿನಿಂದ ಅದು ನಿಲ್ಲುವುದಿಲ್ಲ. ಕಂತು ನಿಲ್ಲಿಸಿದರೆ ಸಾಲವು ಅನುತ್ಪಾದಕವೆಂದು ವರ್ಗೀಕರಣಗೊಂಡು, ಮುಂದೆ ಮಕ್ಕಳ ಶಿಕ್ಷಣಕ್ಕೆ ಸಾಲ ಕೇಳುವಾಗ ಪೆಟ್ಟು ಬೀಳುತ್ತದೆ. ಬಿಲ್ಡರನ ಮೇಲಿನ ಹಕ್ಕನ್ನು ಬಿಲ್ಡರನ ಮೇಲೆಯೇ ಚಲಾಯಿಸಬೇಕು. ಆದರೆ ಒಂದನ್ನು ಖಂಡಿತ ಮಾಡಬಹುದು: ಸಂಬಂಧಿಸಿದ ಹಂತದ ಕಾಮಗಾರಿ ಮುಗಿಯದೆ ಸಾಲದ ಮುಂದಿನ ಕಂತನ್ನು ಬಿಲ್ಡರನಿಗೆ ಬಿಡುಗಡೆ ಮಾಡಬಾರದೆಂದು ಬ್ಯಾಂಕಿಗೆ ಲಿಖಿತವಾಗಿ ತಿಳಿಸಬಹುದು. ಹಿಂದೆ ಸರಿಯುವ ದಾರಿ ಹಿಡಿದರೆ ಮರಳುವ ಹಣದಲ್ಲಿ ಬ್ಯಾಂಕಿನ ಬಾಕಿ ಮೊದಲು ತೀರಬೇಕಾಗುತ್ತದೆ. ಆದುದರಿಂದ ಬ್ಯಾಂಕಿನಿಂದ ಬಾಕಿಯ ಪಟ್ಟಿಯನ್ನು ಪಡೆದು ಮೇಲಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದ ಬಳಿಕವೇ ನಿರ್ಧರಿಸುವುದು ವಿಹಿತ.

ಬೇಡಿಕೆಪತ್ರದಿಂದ ದೂರಿನವರೆಗೆ

18ನೆಯ ಕಲಮಿನಲ್ಲಿ ‘ಬೇಡಿಕೆಯ ಮೇರೆಗೆ’ ಎಂಬ ಮಾತಿದೆ. ಹಾಗಾಗಿ ಮೊದಲ ಹೆಜ್ಜೆ ಬಿಲ್ಡರನಿಗೆ ಬೇಡಿಕೆಪತ್ರ. ಕರಾರಿನ ದಿನಾಂಕ, ಕೊಟ್ಟ ಹಣದ ದಿನಾಂಕವಾರು ಪಟ್ಟಿ, ಹಿಂದೆ ಸರಿಯುವಿರೋ ಉಳಿಯುವಿರೋ ಎಂಬ ಸ್ಪಷ್ಟ ಆಯ್ಕೆ, ಉತ್ತರಕ್ಕೆ 15 ದಿನಗಳ ಗಡುವು, ಇವಿಷ್ಟನ್ನು ಒಂದೂವರೆ ಪುಟದಲ್ಲಿ ಬರೆದು ಸ್ಪೀಡ್ ಪೋಸ್ಟ್ ಮತ್ತು ಇ-ಮೇಲ್ ಎರಡರ ಮೂಲಕವೂ ಕಳುಹಿಸಿ ರಶೀದಿ ಇಟ್ಟುಕೊಳ್ಳಬೇಕು. ‘ಬಡ್ಡಿ ಕೊಡಿ ಅಥವಾ ಹಣ ಹಿಂತಿರುಗಿಸಿ’ ಎಂದು ಎರಡನ್ನೂ ಕಲಸಿ ಬರೆದರೆ ಮುಂದೆ ವಿಚಾರಣೆಯಲ್ಲಿ ತೊಡಕಾಗುತ್ತದೆ.

ಫಲ ದೊರೆಯದಿದ್ದರೆ 31ನೆಯ ಕಲಮಿನಂತೆ ಮಹಾರೇರಾಕ್ಕೆ ದೂರು. ದೂರನ್ನು maharera.maharashtra.gov.in ಜಾಲತಾಣದಲ್ಲಿ ಖಾತೆ ತೆರೆದು ಸಲ್ಲಿಸಬೇಕು. ಶುಲ್ಕ 5,000 ರೂಪಾಯಿ. ಯೋಜನೆಯ ನೋಂದಣಿ ಸಂಖ್ಯೆ, ಕರಾರುಪತ್ರದ ಪ್ರತಿ, ರಶೀದಿಗಳು, ಬ್ಯಾಂಕಿನ ತಃಖ್ತೆ, ಬೇಡಿಕೆಪತ್ರ ಇವು ಅಗತ್ಯ. ವಕೀಲರನ್ನಿಟ್ಟುಕೊಳ್ಳುವುದು ಕಡ್ಡಾಯವಲ್ಲ, ಗ್ರಾಹಕರೇ ವಾದಿಸಬಹುದು. ಹಣ ಮರುಪಾವತಿ ಮತ್ತು ಬಡ್ಡಿಯನ್ನು ಪ್ರಾಧಿಕಾರವೇ ತೀರ್ಮಾನಿಸುತ್ತದೆ. ಅದರ ಹೊರತಾಗಿ ನಷ್ಟಪರಿಹಾರ ಬೇಕಾದರೆ ಅದು ನ್ಯಾಯನಿರ್ಣಯ ಅಧಿಕಾರಿಯ ಮುಂದೆ ಪ್ರತ್ಯೇಕವಾಗಿ ಹೋಗಬೇಕು. ಯೋಜನೆಯಲ್ಲಿ ಉಳಿಯುವವರಿಗೆ 18ನೆಯ ಕಲಮಿನ ಈ ಭಾಗ ಸ್ಪಷ್ಟವಾಗಿ ಹೇಳುವುದು ತಿಂಗಳ ಬಡ್ಡಿಯನ್ನು ಮಾತ್ರ ಎಂಬುದನ್ನೂ ನೆನಪಿನಲ್ಲಿಡಬೇಕು. ಉಭಯ ಪಕ್ಷಗಳು ಒಪ್ಪಿದರೆ ಗ್ರಾಹಕ ಸಂಘಟನೆ ಮತ್ತು ಬಿಲ್ಡರುಗಳ ಸಂಘಟನೆಯ ಪ್ರತಿನಿಧಿಗಳು ಕುಳಿತು ರಾಜಿ ಮಾಡಿಸುವ ವೇದಿಕೆಯೂ ಮಹಾರೇರಾದಲ್ಲಿ 2018ರಿಂದ ಇದೆ.

ಪ್ರಾಧಿಕಾರಕ್ಕೆ ಬದಲಾಗಿ ಗ್ರಾಹಕ ಆಯೋಗಕ್ಕೆ ಹೋಗುವ ಹಕ್ಕನ್ನೂ ಇಂಪೀರಿಯಾ ತೀರ್ಪು ಎತ್ತಿಹಿಡಿದಿದೆ. ಆದರೆ ಒಂದೇ ಪರಿಹಾರಕ್ಕೆ ಎರಡೂ ಕಡೆ ಬಾಗಿಲು ತಟ್ಟುವಂತಿಲ್ಲ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ನಿವೃತ್ತಿಯ ಮನೆಗೆಂದು ಫ್ಲಾಟು ಕಾದಿರಿಸಿರುವ ಮುಂಬಯಿವಾಸಿಗಳು ರೇರಾ ದೂರನ್ನು ಕರ್ನಾಟಕದ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಯೋಜನೆ ಇರುವ ರಾಜ್ಯವೇ ಇಲ್ಲಿ ನಿರ್ಣಾಯಕ.

ಅರೆಬರೆ ಸ್ವಾಧೀನದ ಬಲೆ

ಬಡ್ಡಿಯ ಗಡಿಯಾರವನ್ನು ನಿಲ್ಲಿಸಲು ಬಿಲ್ಡರನಿಗೆ ಒಂದು ಸುಲಭ ಉಪಾಯವಿದೆ. ಓ.ಸಿ. ಬರುವ ಮುನ್ನವೇ ‘ಫಿಟ್-ಔಟ್’ಗೆಂದು, ಅಂದರೆ ಒಳಗಿನ ಮರಗೆಲಸ ಮಾಡಿಸಿಕೊಳ್ಳಲೆಂದು, ಕೀಲಿಕೈ ಕೊಟ್ಟು ಸ್ವಾಧೀನಪತ್ರಕ್ಕೆ ಸಹಿ ಪಡೆಯುವುದು. ಬಾಡಿಗೆ ಕಟ್ಟಿ ಬೇಸತ್ತವರು ಸಂತೋಷದಿಂದ ಒಪ್ಪುತ್ತಾರೆ. ಓ.ಸಿ. ಇಲ್ಲದ ಕಟ್ಟಡದಲ್ಲಿ ನೀರಿನ ಜೋಡಣೆಯೂ ಖಾಯಂ ಅಲ್ಲ, ವಾಸವೂ ಕ್ರಮಬದ್ಧವಲ್ಲ. ಅಂಥ ಸ್ವಾಧೀನವನ್ನು ಬಿಲ್ಡರನು ಕೊಡುವುದನ್ನೂ ಗ್ರಾಹಕನು ಪಡೆಯುವುದನ್ನೂ ಮಹಾರಾಷ್ಟ್ರದ 1963ರ ಫ್ಲಾಟು ಮಾಲಕತ್ವ ಕಾಯಿದೆ ನಿಷೇಧಿಸಿದೆ. ಸ್ವಾಧೀನಕ್ಕೆ ಕರೆ ಬಂದಾಗ ಓ.ಸಿ.ಯ ಪ್ರತಿಯನ್ನು ಕೇಳಿ, ಅದರಲ್ಲಿ ನಿಮ್ಮ ವಿಭಾಗ ಮತ್ತು ಮಾಳಿಗೆ ಸೇರಿದೆಯೇ ನೋಡಬೇಕು, ‘ಭಾಗಶಃ ಓ.ಸಿ.’ ಕೆಳಗಿನ ಮಾಳಿಗೆಗಳಿಗಷ್ಟೇ ಇರುವುದುಂಟು.

ಓ.ಸಿ. ಬಂದ ಬಳಿಕ ಎರಡು ತಿಂಗಳೊಳಗೆ ಸ್ವಾಧೀನ ಪಡೆಯುವುದು ಗ್ರಾಹಕನ ಕರ್ತವ್ಯ. ಆಗಲೂ ‘ಯಾವ ಬಾಕಿಯೂ ಇಲ್ಲ’ ಎಂಬ ಸಾಲಿಗೆ ಕಣ್ಣುಮುಚ್ಚಿ ಸಹಿ ಹಾಕದೆ, ‘ವಿಳಂಬದ ಬಡ್ಡಿಯ ಹಕ್ಕನ್ನು ಕಾದಿರಿಸಿ ಸ್ವೀಕರಿಸಿದ್ದೇನೆ’ ಎಂದು ಬರೆಯಬೇಕು. ಮನೆ ಪಡೆದ ಮಾತ್ರಕ್ಕೆ ವಿಳಂಬದ ಪರಿಹಾರದ ಹಕ್ಕು ನಾಶವಾಗುವುದಿಲ್ಲವೆಂದು ಬೆಂಗಳೂರಿನ ಯೋಜನೆಯೊಂದಕ್ಕೆ ಸಂಬಂಧಿಸಿ 2020ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಆದೇಶ ಬೇರೆ, ಹಣ ಬೇರೆ

ಆದೇಶ ಕೈಗೆ ಬಂತೆಂದರೆ ಹಣ ಬಂದಂತೆಯೇ ಎಂದು ಭಾವಿಸಿದವರು ನಿರಾಶರಾಗುತ್ತಾರೆ. ಬಿಲ್ಡರನು 60 ದಿನಗಳೊಳಗೆ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಆದರೆ 43ನೆಯ ಕಲಮಿನ ಪ್ರಕಾರ ಗ್ರಾಹಕನಿಗೆ ಸಲ್ಲಬೇಕಾದ ಸಂಪೂರ್ಣ ಮೊತ್ತವನ್ನು ಬಡ್ಡಿಸಮೇತ ಠೇವಣಿ ಇಡದೆ ಅವನ ಮೇಲ್ಮನವಿಯ ವಿಚಾರಣೆ ನಡೆಯುವುದಿಲ್ಲ. ನಮ್ಮ ಉದಾಹರಣೆಯ ಗೃಹಸ್ಥರಿಗೆ ಮರುಪಾವತಿಯ ಆದೇಶವಾಗಿದ್ದರೆ ಬಿಲ್ಡರನು 68 ಲಕ್ಷಕ್ಕೂ ಮಿಗಿಲಾದ ಮೊತ್ತವನ್ನು ಮೊದಲು ಕಟ್ಟಬೇಕು. ಠೇವಣಿ ಆಗಿದೆಯೇ ಎಂದು ಮೊದಲ ದಿನವೇ ವಿಚಾರಿಸುವುದು ಗ್ರಾಹಕನ ಹಿತದಲ್ಲಿದೆ.

ಬಿಲ್ಡರನು ಮೇಲ್ಮನವಿಗೂ ಹೋಗದೆ ಹಣವನ್ನೂ ಕೊಡದೆ ಸುಮ್ಮನಿದ್ದರೆ, ಆದೇಶ ಪಾಲನೆಯಾಗಿಲ್ಲವೆಂದು ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು. 40ನೆಯ ಕಲಮಿನಂತೆ ಈ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಪ್ರಾಧಿಕಾರವು ವಸೂಲಿ ವಾರಂಟನ್ನು ಜಿಲ್ಲಾಧಿಕಾರಿಗೆ ಕಳುಹಿಸುತ್ತದೆ; ಅಲ್ಲಿಂದ ಅದು ತಹಶೀಲ್ದಾರರ ಮೇಜಿಗೆ ಬಂದು ಜಪ್ತಿ, ಹರಾಜು ನಡೆಯಬೇಕು. ಅನೇಕ ಕಡತಗಳು ನಿಲ್ಲುವುದು ಇಲ್ಲಿಯೇ. ತಹಶೀಲ್ದಾರರಿಗೆ ಜಪ್ತಿ ಮಾಡಲು ಆಸ್ತಿ ತಿಳಿದಿರಬೇಕಲ್ಲವೇ? ಅದೇ ಯೋಜನೆಯಲ್ಲಿ ಮಾರಾಟವಾಗದೆ ಉಳಿದಿರುವ ಫ್ಲಾಟುಗಳ ವಿವರ ಮಹಾರೇರಾ ಜಾಲತಾಣದ ಯೋಜನೆಯ ಪುಟದಲ್ಲಿಯೇ ದೊರೆಯುತ್ತದೆ. ಆ ಪಟ್ಟಿಯನ್ನೂ ಬಿಲ್ಡರನ ಬ್ಯಾಂಕು ಖಾತೆಯ ವಿವರವನ್ನೂ ಅರ್ಜಿಯೊಂದಿಗೆ ಲಗತ್ತಿಸಿ, ವಾರಂಟಿನ ಸಂಖ್ಯೆ ಹಿಡಿದು ಕಂದಾಯ ಕಚೇರಿಗೆ ಪದೇ ಪದೇ ಹೋಗಿ ವಿಚಾರಿಸಬೇಕಾಗುತ್ತದೆ.

ಬಿಲ್ಡರನ ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಒಳಪಟ್ಟರೆ ಈ ವಸೂಲಿಯೂ ಸ್ಥಗಿತಗೊಳ್ಳುತ್ತದೆ. ಆಗ ಗ್ರಾಹಕರು ಹಣಕಾಸು ಸಾಲಿಗರೆಂದು ಪರಿಗಣಿಸಲ್ಪಟ್ಟು, ಪ್ರಕಟಣೆಯಲ್ಲಿ ಹೇಳಿದ ಗಡುವಿನೊಳಗೆ ‘ಸಿ.ಎ.’ ನಮೂನೆಯಲ್ಲಿ ತಮ್ಮ ಹಕ್ಕುಸಾಧನೆಯನ್ನು ಸಲ್ಲಿಸಬೇಕು. ರೇರಾ ಆದೇಶ ಪಡೆದವರನ್ನೂ ಇತರ ಗ್ರಾಹಕರಂತೆಯೇ ನೋಡಬೇಕೆಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಕಾಮಗಾರಿ ನಿಂತು ವರ್ಷವಾದರೂ ಮುಂದಿನ ದೀಪಾವಳಿಯ ಭರವಸೆಯಲ್ಲಿ ಬೇಡಿಕೆಪತ್ರವನ್ನೇ ಬರೆಯದೆ ಕುಳಿತವರಿಗೆ ಆಗುವ ನಷ್ಟ ಇದೇ: ಕಟ್ಟಡದಲ್ಲಿ ಮಾರಲು ಫ್ಲಾಟುಗಳು ಉಳಿದಿರುವಾಗ, ಖಾತೆಯಲ್ಲಿ ಹಣವಿರುವಾಗ ವಸೂಲಾಗಬಹುದಾಗಿದ್ದ ಬಾಕಿಗೆ, ಕಂಪನಿ ಮುಳುಗಿದ ಮೇಲೆ ನೂರಾರು ಸಾಲಿಗರ ನಡುವೆ ಸರದಿಯಲ್ಲಿ ನಿಲ್ಲಬೇಕಾಗುತ್ತದೆ.